‘ಮಂಡೇ’ ಎನ್ನಬಲ್ಲವರು ‘ಮಂಜು’ ಎನ್ನಲಾರರೆ?

ಕೆ.ಎಸ್. ಮಂಜುನಾಥ ಎಂಬ ಎಂಜಿನಿಯರ್ ಒಬ್ಬರಿದ್ದಾರೆ ಎಂದುಕೊಳ್ಳೋಣ. ‘ಕೆ’ ಎಂದರೆ ಕಡೂರು, ‘ಎಸ್’ ಎಂದರೆ ತಂದೆ ಶಿವಣ್ಣ. ಡಬ್ಲಿನ್ ನಗರದ ಕಂಪನಿಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿದೆ. ಮೊದಲ ದಿನ ಬೆಳಿಗ್ಗೆ ಹೊಸ ಲ್ಯಾಪ್‌ಟಾಪ್ ತೆರೆದರೆ ಸ್ವಾಗತದ ಮೊದಲ ಸಾಲು ಹೀಗಿದೆ: `Hi Kadur`. ಸಮುದ್ರ ದಾಟಿ ಬಂದವರನ್ನು ಊರೇ ಎದುರುಗೊಂಡಂತಾಯಿತು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮೇಜಿನವರು ಅವರನ್ನು ‘ಕ್ಯಾಡರ್’ ಎಂದು ಕರೆಯತೊಡಗಿದ್ದರು. ‘ಅದು ನಮ್ಮ ಊರಿನ ಹೆಸರು’ ಎಂದು ವಿವರಿಸಲು ಹೊರಟ ಮಂಜುನಾಥ, ಮಾತು ಉದ್ದವಾಗುತ್ತದೆ ಅನಿಸಿ ‘ಪರವಾಗಿಲ್ಲ’ ಎಂದುಬಿಟ್ಟರು. ಒಂದು ವಾರದಲ್ಲಿ ಅದು ಕ್ಯಾಡ್ ಆಯಿತು.

ಈ ಮಂಜುನಾಥ ಕಲ್ಪಿತ ವ್ಯಕ್ತಿ. ಅವರಿಗೆ ಆದದ್ದು ಮಾತ್ರ ಪರದೇಶದಲ್ಲಿ ದುಡಿಯುವ ಕನ್ನಡಿಗರಿಗೆ ಹೊಸದಲ್ಲ. ಹೆಸರು ಕೆಡುವುದು ಪರದೇಶದ ನಾಲಿಗೆಯಿಂದ ಎಂದು ನಾವು ಸುಲಭವಾಗಿ ದೂರುತ್ತೇವೆ. ಈ ಪ್ರಸಂಗವನ್ನು ಸ್ವಲ್ಪ ಬಿಚ್ಚಿ ನೋಡಿದರೆ, ಆ ನಾಲಿಗೆ ಹೊರಳುವ ಮೊದಲೇ ಅರ್ಧ ಕೆಡುಕು ಆಗಿಹೋಗಿರುತ್ತದೆ. ಆ ಅರ್ಧ ಆಗುವುದು ನಮ್ಮೂರಿನಲ್ಲೇ, ಪಾಸ್‌ಪೋರ್ಟ್ ಅರ್ಜಿ ತುಂಬುವ ಹೊತ್ತಿನಲ್ಲಿ.

ಹಳೆ ಮೈಸೂರು ಕಡೆಯ ಹೆಸರಿಗೆ ಮನೆತನದ ಹೆಸರು ಎಂಬುದು ಬಹುಪಾಲು ಇರುವುದಿಲ್ಲ. ಇನಿಷಿಯಲ್ ಇರುತ್ತದೆ, ಅದರಲ್ಲಿ ಊರು ಮತ್ತು ತಂದೆ ಅಡಗಿರುತ್ತಾರೆ. ಎಚ್.ಡಿ. ದೇವೇಗೌಡರ ‘ಎಚ್’ ಹರದನಹಳ್ಳಿ, ‘ಡಿ’ ದೊಡ್ಡೇಗೌಡ. ಹೆಸರು ಬರುವುದು ಕೊನೆಯಲ್ಲಿ. ಪಾಸ್‌ಪೋರ್ಟಿನಲ್ಲಾದರೋ ಎರಡೇ ಮನೆಗಳಿವೆ, ಸರ್‌ನೇಮ್ ಮತ್ತು ಗಿವನ್ ನೇಮ್. ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕು. ಕೊನೆಯಲ್ಲಿ ಬರುವುದೇ ಸರ್‌ನೇಮ್ ಎಂದು ಯಾರೋ ಹೇಳಿದ್ದನ್ನು ನಂಬಿ ನಮ್ಮ ಎಂಜಿನಿಯರ್ ‘ಮಂಜುನಾಥ’ ಎಂಬುದನ್ನು ಸರ್‌ನೇಮ್ ಮನೆಯಲ್ಲೂ ‘ಕಡೂರು ಶಿವಣ್ಣ’ ಎಂಬುದನ್ನು ಗಿವನ್ ನೇಮ್ ಮನೆಯಲ್ಲೂ ತುಂಬಿದರು. ಪಾಸ್‌ಪೋರ್ಟಿನ ಕೆಳತುದಿಯಲ್ಲಿ ಯಂತ್ರ ಓದುವ ಎರಡು ಸಾಲುಗಳಿರುತ್ತವಲ್ಲ, ಅದರ ಮೊದಲನೆಯದು ಹೀಗೆ ಅಚ್ಚಾಯಿತು:

```
P<INDMANJUNATHA<<KADUR<SHIVANNA<<<<<<<<<<<<<
```

ಎರಡು ಬಾಣದ ಗುರುತಿಗಿಂತ ಮುಂಚಿನದು ಸರ್‌ನೇಮ್, ಆಮೇಲಿನದು ಕರೆಯುವ ಹೆಸರು ಎಂದು ಜಗತ್ತಿನ ಎಲ್ಲ ವಿಮಾನ ನಿಲ್ದಾಣಗಳೂ ಓದುತ್ತವೆ. ಕಂಪನಿಯ ಎಚ್‌ಆರ್ ವಿಭಾಗ ಪಾಸ್‌ಪೋರ್ಟ್ ನೋಡಿ ಖಾತೆ ತೆರೆಯಿತು. ಗಿವನ್ ನೇಮ್‌ನ ಮೊದಲ ಪದವನ್ನು ತಂತ್ರಾಂಶ ತಾನೇ ಎತ್ತಿಕೊಂಡು ಇಮೇಲ್ ವಿಳಾಸ ಕಟ್ಟಿತು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಯಾರೊಬ್ಬರೂ ಇನ್ನೂ ಬಾಯಿಯನ್ನೇ ತೆರೆದಿಲ್ಲ.

ಸರ್‌ನೇಮ್ ಮನೆಯನ್ನು ಖಾಲಿ ಬಿಟ್ಟು ಮೂರೂ ಪದಗಳನ್ನು ಗಿವನ್ ನೇಮ್‌ನಲ್ಲೇ ತುಂಬಿದ್ದರೆ ಅಮೆರಿಕದ ವೀಸಾದಲ್ಲಿ ಇನ್ನೊಂದು ವಿಚಿತ್ರ ಕಾದಿರುತ್ತಿತ್ತು. ಅಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಕರೆಯುವ ಹೆಸರಿನ ಜಾಗದಲ್ಲಿ `FNU` ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎನ್ನುವುದರ ಇಂಗ್ಲಿಷ್ ಸಂಕ್ಷೇಪ ಅದು. ಅದು ಬ್ಯಾಂಕಿಗೆ, ವಿಮೆಗೆ, ಕಚೇರಿಯ ಬಾಗಿಲು ತೆರೆಯುವ ಕಾರ್ಡಿಗೆ ಹರಿದು ಹೋಗುತ್ತದೆ. ‘ಡಿಯರ್ ಎಫ್‌ಎನ್‌ಯು’ ಎಂದು ಪತ್ರ ಬಂದಾಗ ಮೊದಲ ಸಲ ನಗು ಬರುತ್ತದೆ. ಒಂಟಿ ಹೆಸರಿನ ಪಾಸ್‌ಪೋರ್ಟಿನ ಕಷ್ಟ ಅಮೆರಿಕದಲ್ಲಷ್ಟೇ ಇಲ್ಲ. ಯುಎಇ 2022ರ ನವೆಂಬರಿನಿಂದ ಭೇಟಿಯ ವೀಸಾದ ಮೇಲೆ ಬರುವವರ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಒಳಗೆ ಬಿಡುವುದಿಲ್ಲ ಎಂದಿತು.

ಸರಿಯಾದ ಜೋಡಣೆ ಸರಳವಾಗಿದೆ. ನಾಲ್ಕು ಜನ ಕರೆಯುವ ಹೆಸರೊಂದೇ ಗಿವನ್ ನೇಮ್‌ನಲ್ಲಿರಬೇಕು, ಊರು ಮತ್ತು ತಂದೆಯ ಹೆಸರು ಸರ್‌ನೇಮ್ ಕಡೆಗೆ ಹೋಗಬೇಕು. ಆಗ ಗಂಭೀರ ಪತ್ರಗಳಲ್ಲಿ ‘ಮಿಸ್ಟರ್ ಕಡೂರು ಶಿವಣ್ಣ’ ಎಂದಾಗುತ್ತದೆ, ಅಷ್ಟು ನಷ್ಟ ತಡೆದುಕೊಳ್ಳಬಹುದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದವರು. ಅವರ ಪೂರ್ಣ ಹೆಸರು ವಿವೇಕ್ ಹಲ್ಲೆಗೆರೆ ಮೂರ್ತಿ. ಊರು ನಡುವೆ ಕೂತಿದೆ, ಕರೆಯುವ ಹೆಸರು ಮುಂದಿದೆ. ಆದ್ದರಿಂದ ಅಮೆರಿಕದ ದಫ್ತರಗಳಲ್ಲಿ ಯಾರೂ ಅವರನ್ನು ‘ಹಲೋ ಹಲ್ಲೆಗೆರೆ’ ಎನ್ನುವ ಪ್ರಮೇಯವಿಲ್ಲ.

ಪಾಸ್‌ಪೋರ್ಟ್ ಆಗಲೇ ಕೈಯಲ್ಲಿದ್ದವರು ಅದನ್ನು ತಿದ್ದಿಸಲು ಮರುವಿತರಣೆಗೆ ಅರ್ಜಿ ಹಾಕಬೇಕು. ಪದವಿ ಪತ್ರದಿಂದ ಹಿಡಿದು ಎಲ್ಲವೂ ಅದರ ಜೊತೆ ಹೊಂದಬೇಕು. ಆ ಓಡಾಟ ಬೇಡವೆನ್ನುವವರಿಗೆ ಹತ್ತಿರದ ದಾರಿಯೊಂದಿದೆ. ದೊಡ್ಡ ಕಂಪನಿಗಳ ತಂತ್ರಾಂಶಗಳಲ್ಲಿ ಕಾನೂನಿನ ಹೆಸರು ಒಂದು ಕಡೆ, ‘ಪ್ರಿಫರ್ಡ್ ನೇಮ್’ ಎಂಬುದು ಇನ್ನೊಂದು ಕಡೆ ಇರುತ್ತವೆ. ಸಂಬಳ, ತೆರಿಗೆ, ವೀಸಾ, ವಿಮಾನದ ಟಿಕೆಟ್ ಎಲ್ಲ ಮೊದಲನೆಯದನ್ನು ನೋಡುತ್ತವೆ. ಇಮೇಲ್, ಚಾಟ್, ಕಚೇರಿಯ ದೂರವಾಣಿ ಪಟ್ಟಿ ಎರಡನೆಯದನ್ನು ತೋರಿಸುತ್ತವೆ. ಕೆಲಸದ ಪತ್ರಕ್ಕೆ ಸಹಿ ಹಾಕಿ ಕಳಿಸುವಾಗಲೇ ‘ನನ್ನ ಇಮೇಲ್ ಮಂಜುನಾಥ ಎಂಬ ಹೆಸರಿನಲ್ಲಿರಲಿ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಖಾತೆ ತೆರೆದ ಮೇಲೆ ಕೇಳಿದರೂ ಮಾಡಿಕೊಡುತ್ತಾರೆ, ಆದರೆ ಅಷ್ಟರಲ್ಲಿ ಐವತ್ತು ಜನ ‘ಕ್ಯಾಡ್’ಗೆ ಒಗ್ಗಿಕೊಂಡಿರುತ್ತಾರೆ.

ಈಗ ಸ್ಪೆಲಿಂಗ್. ರಾಮ ಮತ್ತು ರಮಾ ಗಂಡ ಹೆಂಡತಿ ಎಂದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದಾಗ ಇಬ್ಬರೂ `Rama`. ಕನ್ನಡದ ‘ಅ’ಕಾರಕ್ಕೂ ‘ಆ’ಕಾರಕ್ಕೂ ರೋಮನ್ ಲಿಪಿಯಲ್ಲಿ ನಾವು ಒಂದೇ ಅಕ್ಷರ ಬಳಸುತ್ತೇವೆ. ನಮಗೆ ಗೊತ್ತಿರುವ ಹೆಸರಾದ್ದರಿಂದ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಐರ್ಲೆಂಡಿನವರ ಕಣ್ಣಿಗೆ ಆ ಸುಳಿವು ಇಲ್ಲ.

ಇನ್ನೊಂದು ತೊಡಕು ದಕ್ಷಿಣ ಭಾರತದ್ದೇ ಸ್ವಂತ ಸೃಷ್ಟಿ. ‘ಟ’ಕಾರಕ್ಕೆ `t` ಬಳಸಿದ್ದಾಯಿತು, ‘ತ’ಕಾರಕ್ಕೆ ಏನು ಮಾಡುವುದು ಎಂದು ನಮ್ಮವರು `th` ಹಾಕಿದರು. ಲತಾ ಎಂಬುದು ಉತ್ತರದಲ್ಲಿ `Lata`, ನಮ್ಮಲ್ಲಿ `Latha`. ನಮ್ಮೊಳಗೆ ಇದು ಜಾಣ ಏರ್ಪಾಡು. ಇಂಗ್ಲಿಷ್ ಓದುಗನಿಗೆ ಮಾತ್ರ `th` ಎಂದರೆ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಚಾಚಿ ಗಾಳಿ ಬಿಡುವ ಧ್ವನಿ, ‘ಥಿಂಕ್’ ಎನ್ನುವಾಗ ಅವರು ಹೊರಡಿಸುವಂಥದ್ದು. ಆದ್ದರಿಂದ ಶ್ವೇತಾ, ಪ್ರೀತಿ, ಭರತ್ ಎಲ್ಲರ ಹೆಸರಿನ ಕೊನೆಯಲ್ಲೂ ಸಣ್ಣದೊಂದು ಗಾಳಿ ಬೀಸುತ್ತದೆ. ಅವರು ತಪ್ಪು ಓದುತ್ತಿಲ್ಲ. ನಾವು ಬರೆದದ್ದನ್ನು ಬರೆದಂತೆಯೇ ಓದುತ್ತಿದ್ದಾರೆ. ‘ಫಣೀಂದ್ರ’ನ `Ph` ಅವರಿಗೆ ಫೋನಿನ ‘ಫ’, ‘ಪ್ರಜ್ಞಾ’ಳ `jn` ಅವರಿಗೆ ‘ಜ್’ ಮತ್ತು ‘ನ’. ನಾವು ‘ಪ್ರಗ್ನ್ಯಾ’ ಎಂದು ಉಚ್ಚರಿಸುತ್ತ `Prajna` ಎಂದು ಬರೆದರೆ ಆ ಗುಟ್ಟು ಪರರಿಗೆ ತಿಳಿಯುವುದು ಹೇಗೆ? ಈಚೆಗೆ `Pragnya` ಎಂದು ಬರೆಯುವವರು ಇದ್ದಾರೆ. ಸಂಸ್ಕೃತ ಪಂಡಿತರು ಮುಖ ಸಿಂಡರಿಸಬಹುದು, ಹೆಸರಿನ ಒಡತಿಗೆ ಲಾಭವೇ.

ದೇಶ ಬದಲಾದರೆ ಓದೂ ಬದಲಾಗುತ್ತದೆ. ಜರ್ಮನ್ನರಿಗೆ `th` ಬರೀ ‘ಟ’, `j` ಎಂದರೆ ‘ಯ’. ಅವರ ಬಾಯಲ್ಲಿ ಜಯಂತ್ ‘ಯಾಯಾಂಟ್’ ಆಗುತ್ತಾರೆ. ಸ್ಪೇನಿನವರಿಗೆ `j` ಎಂದರೆ ಗಂಟಲಿನ ‘ಹ’, `v` ಎಂದರೆ ‘ಬ’, ಹಾಗಾಗಿ ವಿಜಯಾ ಅಲ್ಲಿ ‘ಬಿಹಾಯಾ’. ಇವರಲ್ಲಿ ಒಂದು ಸಮಾಧಾನವೂ ಉಂಟು. ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಭಾಷೆಗಳ `t` ಮತ್ತು `d` ನಮ್ಮ ‘ತ’ ‘ದ’ಗಳಂತೆಯೇ ಹಲ್ಲಿಗೆ ತಾಗುವಂಥವು. ಲಂಡನ್ನಿನ ಸಹೋದ್ಯೋಗಿಗೆ ದಕ್ಕದ ‘ದತ್ತಾತ್ರೇಯ’ ಮೆಕ್ಸಿಕೋದವರ ಬಾಯಲ್ಲಿ ಚೆನ್ನಾಗಿ ಹೊರಡಬಹುದು.

ಸ್ಪೆಲಿಂಗ್ ದಾಟಿದ ಮೇಲೆ ಲಯದ ಪ್ರಶ್ನೆ. ಹೆಸರನ್ನು ನಿಜವಾಗಿ ಗುರುತು ಸಿಗದಂತೆ ಮಾಡುವುದು ಇದೇ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರದೇ ಅಳತೆ ಇದೆ, ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಇಂಗ್ಲಿಷ್ ಹಾಗಲ್ಲ. ಒಂದು ಪದದಲ್ಲಿ ಒಂದು ಅಕ್ಷರವನ್ನು ಎತ್ತಿ ಹೇಳಿ, ಉಳಿದವನ್ನು ನುಂಗಿಬಿಡುತ್ತದೆ. ಎತ್ತಿದ ಕಡೆ ಸ್ವರ ಎಳೆಯುತ್ತದೆ, ನುಂಗಿದ ಕಡೆ ಅದು ಮಸುಕಾಗುತ್ತದೆ. ಪರಿಚಯವಿಲ್ಲದ, ‘ಅ’ಕಾರದಲ್ಲಿ ಮುಗಿಯುವ ಮೂರು ಅಕ್ಷರದ ಹೆಸರು ಕಂಡಾಗ ಅವರು ಸಾಮಾನ್ಯವಾಗಿ ನಡುವಿನ ಅಕ್ಷರವನ್ನು ಎತ್ತುತ್ತಾರೆ. ಅಮಾಂಡಾ, ಮರಿಯಾ, ರೊಬರ್ಟಾ ಇದ್ದಹಾಗೆ. ಹಾಗಾಗಿ ಕವಿತಾ ‘ಕವೀತಾ’ ಆಗುತ್ತಾಳೆ, ಸಹನಾ ‘ಸಹಾನಾ’ ಆಗುತ್ತಾಳೆ, ಚೇತನಾ ‘ಚಟಾನಾ’ ಆಗುತ್ತಾಳೆ. ನಡುವೆ ಸಹಜವಾಗಿಯೇ ದೀರ್ಘವಿರುವ ಸುಜಾತಾ, ಸುನೀತಾ, ವಿಶಾಲಾ ಇವರಿಗೆ ಈ ಕಾಟವಿಲ್ಲ. ಯಾರ ಹೆಸರು ಕೆಡುತ್ತದೆ, ಯಾರದು ಉಳಿಯುತ್ತದೆ ಎಂಬುದು ಬರೀ ಅದೃಷ್ಟವೆಂದು ತೋರಿದರೂ ಅದರ ಹಿಂದೆ ಹೀಗೊಂದು ಲೆಕ್ಕವಿದೆ.

ಈ ಲೆಕ್ಕಕ್ಕೆ ಜಗತ್ತೇ ಸಾಕ್ಷಿಯಾದ ಹೆಸರು ಕಮಲಾ ಹ್ಯಾರಿಸ್ ಅವರದು. ತಾಯಿ ಶ್ಯಾಮಲಾ ಗೋಪಾಲನ್ ತಮಿಳರಾದರೂ ಕಮಲಾ ಎಂಬ ಹೆಸರು ನಮ್ಮ ಬೀದಿಗಳಲ್ಲೂ ಇರುವಂಥದ್ದೇ. ಅಮೆರಿಕನ್ನರು ಅದನ್ನು ‘ಕಮಾಲಾ’ ಮಾಡಿದರು. 2020ರ ಅಕ್ಟೋಬರಿನಲ್ಲಿ ಜಾರ್ಜಿಯಾದ ಸೆನೆಟರ್ ಡೇವಿಡ್ ಪರ್ಡ್ಯೂ ಚುನಾವಣಾ ಸಭೆಯಲ್ಲಿ ಆ ಹೆಸರನ್ನು ಬೇಕಂತಲೇ ತಿರುಚಿ ಆಡಿಕೊಂಡಾಗ, ಜನ ತಂತಮ್ಮ ಹೆಸರಿನ ಅರ್ಥವನ್ನು `#MyNameIs` ಎಂಬ ಗುರುತಿನಡಿ ಬರೆದು ಉತ್ತರ ಕೊಟ್ಟರು. ಹ್ಯಾರಿಸ್ ಮಾತ್ರ ಅದಕ್ಕೂ ಮೊದಲೇ, 2019ರ ಆತ್ಮಕಥೆಯಲ್ಲಿ, ಅಲ್ಪವಿರಾಮಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕಾಮಾ’ಕ್ಕೆ ‘ಲಾ’ ಸೇರಿಸಿದರೆ ತಮ್ಮ ಹೆಸರು ಎಂದು ಹೇಳಿಕೊಟ್ಟಿದ್ದರು. ಕನ್ನಡದ ಕಿವಿಗೆ ಇದೂ ಸರಿಯಲ್ಲ. ಅಮೆರಿಕದ ‘ಕಾಮಾ’ದಲ್ಲಿ ಮೊದಲ ಸ್ವರ ‘ಆ’ ಕಡೆ ವಾಲುತ್ತದೆ. ಆದರೂ ಅವರು ಗೆದ್ದದ್ದು ಎಲ್ಲಿ ಎಂದರೆ ಲಯದಲ್ಲಿ. ಎತ್ತುಗಡೆ ನಡುವಿನಿಂದ ಮೊದಲ ಅಕ್ಷರಕ್ಕೆ ಬಂತು. ಅದೊಂದು ಬಂದರೆ ಹೆಸರಿನ ಮುಕ್ಕಾಲು ಪಾಲು ಬಂದಂತೆ.

ಮೊದಲ ಅಕ್ಷರ ಎತ್ತುವ ಹೆಸರುಗಳೂ ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ: ಪ್ಯಾಮೆಲಾ, ಮೋನಿಕಾ, ಜೆಸಿಕಾ, ಏಂಜೆಲಾ. ‘ಕವಿತಾ, ಮೋನಿಕಾ ಎಂದ ಹಾಗೆ’ ಎಂದು ಒಮ್ಮೆ ಹೇಳಿ ನೋಡಬೇಕು. ವ್ಯಾಕರಣವಿಲ್ಲದೆ, ಪಾಠವಿಲ್ಲದೆ, ಎದುರಿನವರು ತಾಳ ಹಿಡಿದುಬಿಡುತ್ತಾರೆ.

ಹಾಗಾದರೆ ‘ತ’ ಮತ್ತು ‘ಟ’ದ ಗತಿ ಏನು? ಇಲ್ಲಿ ಸ್ವಲ್ಪ ಔದಾರ್ಯ ಬೇಕು, ಅದಕ್ಕೆ ಕಾರಣವೂ ಇದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಇಬ್ಬರು ಮನೋವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧ. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುವ ಕೂಸುಗಳಿಗೆ ಅವರು ಹಿಂದಿಯ ‘ತ’ ಮತ್ತು ‘ಟ’ಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ಎರಡೂ ಬೇರೆ ಎಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳು ತುಂಬುವಷ್ಟರಲ್ಲಿ ಬಹುತೇಕ ಕೂಸುಗಳಿಗೆ ಆ ಶಕ್ತಿ ಹೋಗಿತ್ತು. ಮನೆಯಲ್ಲಿ ಬಳಕೆಯಿಲ್ಲದ ವ್ಯತ್ಯಾಸವನ್ನು ಕಿವಿ ಕೈಬಿಡುತ್ತದೆ. ಆದ್ದರಿಂದ ನಲವತ್ತು ವರ್ಷದ ಮ್ಯಾನೇಜರ್ ‘ನನಗೆ ಎರಡೂ ಒಂದೇ ಥರ ಕೇಳಿಸುತ್ತದೆ’ ಎಂದರೆ ಅದು ಸೋಮಾರಿತನದ ನೆಪವೇ ಆಗಿರಬೇಕಿಲ್ಲ. ‘ಳ’ಕಾರ, ‘ಣ’ಕಾರ, ಮಹಾಪ್ರಾಣ ಇವೂ ಇದೇ ಪಟ್ಟಿಗೆ ಸೇರುತ್ತವೆ. ಇವನ್ನು ಬಿಟ್ಟುಕೊಡಬಹುದು. ಮಂಗಳೂರಿನ ಕಡೆಯವರ ‘ಳ’ವನ್ನು ಉತ್ತರ ಭಾರತದವರಿಂದಲೇ ಹೊರಡಿಸಲಾಗದು, ಇನ್ನು ಡಬ್ಲಿನ್ನಿನವರು ಯಾವ ಲೆಕ್ಕ.

ಬಿಟ್ಟುಕೊಡಬಾರದ್ದು ಮೂರು: ಅಕ್ಷರಗಳ ಸಂಖ್ಯೆ, ದೀರ್ಘದ ಜಾಗ, ಮೊದಲ ಸ್ವರ. ಇವು ಯಾವ ಇಂಗ್ಲಿಷ್ ನಾಲಿಗೆಗೂ ಎಟುಕುವಂಥವು. ಒತ್ತಕ್ಷರ ಕೂಡ ಪ್ರಯತ್ನಿಸಿದರೆ ಸಿಗುತ್ತದೆ. ಇಂಗ್ಲಿಷಿನ ಒಂಟಿ ಪದದೊಳಗೆ ನಮ್ಮ ‘ಕ್ಕ’, ‘ನ್ನ’ಗಳ ಹಾಗೆ ವ್ಯಂಜನ ನಿಂತು ಮುಂದೆ ಹೋಗುವುದು ಕಡಿಮೆ, ಆದರೆ ಎರಡು ಪದ ಕೂಡುವಲ್ಲಿ ಹಾಗೆ ಆಗುತ್ತದೆ. ‘ಪೆನ್ ನೇಮ್’ ಎನ್ನುವಾಗ ಬರುವ ‘ನ್ನ’ವನ್ನು ತೋರಿಸಿ, ಚಿನ್ನಪ್ಪನನ್ನು ಹಾಗೆಯೇ ಮಧ್ಯೆ ಮುರಿದು ಹೇಳಿಕೊಡಬಹುದು.

ಇಷ್ಟು ಧ್ವನಿಶಾಸ್ತ್ರ ಗೊತ್ತಿದ್ದೂ ಜನ ತಾವೇ ಹೆಸರು ಕತ್ತರಿಸಿಕೊಳ್ಳುತ್ತಾರೆ, ಯಾಕೆ? ಕೆಲಸ ಸಿಗುವುದಕ್ಕೂ ಹೆಸರಿಗೂ ನಂಟಿದೆ ಎಂಬ ಅಂಜಿಕೆ ಆಧಾರವಿಲ್ಲದ್ದೇನಲ್ಲ. ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೊಲಸ್ ಕೆನಡಾದ ಟೊರಾಂಟೊದಲ್ಲಿ ಸಾವಿರಾರು ಕೃತಕ ಅರ್ಜಿಗಳನ್ನು ಕಂಪನಿಗಳಿಗೆ ಕಳಿಸಿ ನೋಡಿದ್ದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಭಾರತೀಯ, ಪಾಕಿಸ್ತಾನಿ, ಚೀನೀ ಹೆಸರುಗಳಿಗಿಂತ ಇಂಗ್ಲಿಷ್ ಹೆಸರುಗಳಿಗೆ ಸಂದರ್ಶನದ ಕರೆಗಳು ಸ್ಪಷ್ಟವಾಗಿ ಹೆಚ್ಚು ಬಂದವು. ಅದರ ಮರುವರ್ಷ ಸೈಮನ್ ಲೇಹಮ್, ಪೀಟರ್ ಕೊವಲ್, ಆಡಮ್ ಆಲ್ಟರ್ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. ಉಚ್ಚರಿಸಲು ಸುಲಭವಾದ ಹೆಸರಿನವರನ್ನು ಜನ ಹೆಚ್ಚು ಮೆಚ್ಚುತ್ತಾರೆ, ಅಮೆರಿಕದ ವಕೀಲರ ಕಚೇರಿಗಳಲ್ಲಿ ಅಂಥವರು ಮೇಲಿನ ಹುದ್ದೆಗಳಲ್ಲಿ ಹೆಚ್ಚಾಗಿ ಕಾಣುತ್ತಾರೆ ಎಂದು ಅದು ಹೇಳಿತು. ಹೆಸರು ಪರದೇಶದ್ದೇ ಎಂಬುದಕ್ಕಿಂತ, ನಾಲಿಗೆಗೆ ಸಲೀಸೇ ಎಂಬುದು ಅಲ್ಲಿ ಲೆಕ್ಕಕ್ಕೆ ಬಂತು. ಇದನ್ನು ಓದಿ ಹೆಸರು ಬದಲಿಸಬೇಕು ಎನ್ನುವವರಿದ್ದಾರೆ. ಎದುರಿನವರ ನಾಲಿಗೆಗೆ ದಾರಿ ತೋರಿಸಬೇಕು ಎಂದೂ ಓದಿಕೊಳ್ಳಬಹುದು.

ಕೆಲಸಕ್ಕಾಗಿ ಹೆಸರು ಮೊಟಕಾದ ಹಳೆಯ ಉದಾಹರಣೆ ನಮ್ಮ ಮೈಸೂರಿನದೇ. ರಾಸಿಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ ಎಂಬ ಯುವಕ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಗುವಾಗ, ಇಂಗ್ಲಿಷ್ ಓದುಗರಿಗೆ ನೆನಪಿಡಲು ಸುಲಭವಾಗಲೆಂದು ಹೆಸರು ಚಿಕ್ಕದು ಮಾಡಲು ಸೂಚಿಸಿದವರು ಗ್ರಹಾಂ ಗ್ರೀನ್. ಆರ್.ಕೆ. ನಾರಾಯಣ್ ಹುಟ್ಟಿದ್ದು ಹಾಗೆ. ಕತ್ತರಿಸಿದ್ದು ಹೌದು, ಆದರೆ ಉಳಿದ ಭಾಗವೂ ಹೆಸರೇ ಆಗಿತ್ತು. ಹುಬ್ಬಳ್ಳಿ ಮೂಲದ ಉದ್ಯಮಿ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ‘ದೇಶ್’ ಎಂದೇ ಹೆಸರುವಾಸಿ. ಅದೂ ಅವರದೇ ಮನೆತನದ ಹೆಸರಿನ ತುಂಡು.

ಹೀಗೆ ಮೊಟಕು ಮಾಡುವುದು ನಮಗೇನು ಹೊಸದೆ? ಶ್ರೀನಿವಾಸ ಸೀನ ಆಗುತ್ತಾನೆ, ನಾರಾಯಣ ನಾಣಿ, ಕೃಷ್ಣಮೂರ್ತಿ ಕಿಟ್ಟಿ, ಸುಬ್ರಹ್ಮಣ್ಯ ಸುಬ್ಬು, ವೆಂಕಟೇಶ ವೆಂಕಿ. ಕಿಟ್ಟಿಯಲ್ಲಿ ಕೃಷ್ಣನ ಒಂದು ಅಕ್ಷರವೂ ನೆಟ್ಟಗೆ ಉಳಿದಿಲ್ಲ, ಆದರೂ ಯಾರಿಗೂ ನೋವಿಲ್ಲ, ಏಕೆಂದರೆ ಅದನ್ನು ಇಟ್ಟವರು ಸಲುಗೆಯವರು. ನೋವಾಗುವುದು ಬೇರೆ ಕಡೆ. ಚೇತೇಶ್ವರ ಪೂಜಾರ ಯಾರ್ಕ್‌ಷೈರ್ ಕೌಂಟಿಗೆ ಆಡುವಾಗ ಅಲ್ಲಿ ಅವರನ್ನು ‘ಸ್ಟೀವ್’ ಎಂದು ಕರೆಯುತ್ತಿದ್ದ ಸಂಗತಿ 2020ರಲ್ಲಿ ಆ ಕ್ಲಬ್ಬಿನ ಜನಾಂಗಭೇದದ ವಿವಾದದ ನಡುವೆ ಹೊರಬಂತು. ಆ ಹೆಸರು ಬಳಸಿದ್ದ ಬೌಲರ್ ಜಾಕ್ ಬ್ರೂಕ್ಸ್ ಮುಂದೆ 2021ರಲ್ಲಿ ಕ್ಷಮೆ ಕೇಳಿದರು. ಚೇತೇಶ್ವರನಲ್ಲಿ ಸ್ಟೀವ್‌ನ ಸುಳಿವೆಲ್ಲಿದೆ? ಚೇತು ಎಂದಿದ್ದರೆ ಎರಡೇ ಅಕ್ಷರದಲ್ಲಿ ಮುಗಿಯುತ್ತಿತ್ತು. ಸುಲಭವೇ ಬೇಕಿದ್ದರೆ ಅದು ಹೆಸರಿನ ಒಳಗೇ ಇತ್ತು.

ಡಬ್ಲಿನ್ನಿನ ಮಂಜುನಾಥರಿಗೆ ಹಿಂತಿರುಗೋಣ. ಅವರು ಎರಡನೆಯ ವಾರ ಎಚ್‌ಆರ್‌ಗೆ ಬರೆದು ಪ್ರಿಫರ್ಡ್ ನೇಮ್ ಬದಲಿಸಿಕೊಂಡರು. ಈಗ ಜನ ಅವರ ಹೆಸರನ್ನು ‘ಮ್ಯಾನ್-ಜು-ನಾ-ಥಾ’ ಎಂದು ಓದತೊಡಗಿದರು. ಹೆಸರು ‘ಅ’ಕಾರದಲ್ಲಿ ಮುಗಿಯುವುದರಿಂದ ಒಂದಿಬ್ಬರು ಇಮೇಲ್‌ನಲ್ಲಿ ‘ಮಿಸ್ ಮಂಜುನಾಥ’ ಎಂದೂ ಬರೆದರು. ಕೃಷ್ಣ, ಚಂದ್ರ, ಶಂಕರ ಎಂಬ ಗಂಡಸರಿಗೂ ಯೂರೋಪಿನಲ್ಲಿ ಈ ಮರ್ಯಾದೆ ಸಿಗುವುದುಂಟು.

ಕೆಟ್ಟಿರುವುದು ಎಷ್ಟು ಎಂದು ಎಣಿಸಿದರೆ ಎರಡೇ. ‘ಮಂ’ ಎಂಬುದು ‘ಮ್ಯಾನ್’ ಆಗಿದೆ, ‘ಥ’ದಲ್ಲಿ ಗಾಳಿ ಹೊಕ್ಕಿದೆ. ಅಕ್ಷರ ಸಂಖ್ಯೆ ಸರಿಯಿದೆ, ‘ನಾ’ ದೀರ್ಘವೂ ಸರಿಯಿದೆ. ‘ಮಂ’ಗೆ ಮದ್ದು ಇಂಗ್ಲಿಷಿನಲ್ಲೇ ಇದೆ, ‘ಮಂಡೇ’ ಎನ್ನುವಾಗಿನ ಮೊದಲ ಅಕ್ಷರ. ಧರ್ಮಸ್ಥಳದ ಮಂಜುನಾಥನಿಗೂ ಸೋಮವಾರಕ್ಕೂ ಹೇಗೂ ನಂಟಿದೆ. ಅಲ್ಲೂ ಒಂದು ಎಚ್ಚರ ಬೇಕು. ಉತ್ತರ ಇಂಗ್ಲೆಂಡಿನಲ್ಲಿ, ಡಬ್ಲಿನ್ನಿನ ಹಳಬರ ಬಾಯಲ್ಲಿ ಈ ಸ್ವರ ‘ಉ’ ಕಡೆ ವಾಲುತ್ತದೆ, ಅವರ ಬಸ್ ‘ಬುಸ್’. ಹೋಲಿಕೆಯ ಪದ ಕೊಡುವ ಮೊದಲು ಎದುರಿನವರು ಆ ಪದವನ್ನು ಹೇಗೆ ಹೇಳುತ್ತಾರೆ ಎಂದು ಕೇಳಿಸಿಕೊಳ್ಳಬೇಕು.

ಅವರು ಇಮೇಲ್‌ನ ಸಹಿಯ ಕೆಳಗೆ ಒಂದು ಸಾಲು ಸೇರಿಸಿದರು:

```
Manjunatha  |  say: mun-joo-NAA-tuh
```

ದೊಡ್ಡಕ್ಷರ ದೀರ್ಘದ ಮೇಲೆ ಇರುವುದನ್ನು ಗಮನಿಸಬೇಕು. ಮೊದಲ ಅಕ್ಷರಕ್ಕೆ ದೊಡ್ಡಕ್ಷರ ಕೊಟ್ಟಿದ್ದರೆ ಇಂಗ್ಲಿಷ್ ಓದುಗ ‘ನಾ’ವನ್ನು ನುಂಗಿಬಿಡುತ್ತಿದ್ದ. `th` ಜಾಗದಲ್ಲಿ ಬರೀ `t` ಬಂದಿದೆ. ಅವರು ಅದನ್ನು ‘ಟ’ ಎನ್ನುತ್ತಾರೆ, ಗಾಳಿಗಿಂತ ವಾಸಿ. ಕವಿತಾ ಆಗಿದ್ದರೆ `KUH-vi-taa` ಎಂದು ಬರೆಯಬೇಕಿತ್ತು, ಅಲ್ಲಿ ಎತ್ತುಗಡೆ ಮೊದಲಿಗೇ ಬೇಕು.

ಬರಹಕ್ಕಿಂತ ಧ್ವನಿ ಗಟ್ಟಿ ಸಾಕ್ಷಿ. ಲಿಂಕ್ಡ್‌ಇನ್ 2020ರಿಂದ ತನ್ನ ಮೊಬೈಲ್ ಆ್ಯಪ್‌ನಲ್ಲಿ ಹೆಸರನ್ನು 10 ಸೆಕೆಂಡುಗಳವರೆಗೆ ಧ್ವನಿಮುದ್ರಿಸಲು ಅವಕಾಶ ಕೊಟ್ಟಿದೆ. ಅಮೆರಿಕದ ವಿಶ್ವವಿದ್ಯಾಲಯಗಳ ಘಟಿಕೋತ್ಸವಗಳಲ್ಲಿ ಬಳಕೆಯಾಗುವ ‘ನೇಮ್‌ಕೋಚ್’ ಎಂಬ ವ್ಯವಸ್ಥೆಯೂ ಇದೇ ಕೆಲಸ ಮಾಡುತ್ತದೆ. ವಿದ್ಯಾರ್ಥಿ ತನ್ನ ಹೆಸರನ್ನು ಮುದ್ರಿಸಿ ಕಳಿಸಿದರೆ ವೇದಿಕೆಯ ಮೇಲೆ ಹೆಸರು ಕೂಗುವವರು ಮೊದಲೇ ಕೇಳಿಸಿಕೊಳ್ಳುತ್ತಾರೆ. ಅದನ್ನು ಕಟ್ಟಿದವರು ಪ್ರವೀಣ್ ಶಾನಭಾಗ್, ತಂಗಿಯ ಘಟಿಕೋತ್ಸವದಲ್ಲಿ ಅವಳ ಹೆಸರು ಕೆಟ್ಟದ್ದೇ ಅದಕ್ಕೆ ಪ್ರೇರಣೆ. ಶಾನಭಾಗ ಎಂಬುದು ನಮ್ಮ ಕರಾವಳಿಯಲ್ಲಿ ಚಿರಪರಿಚಿತ ಮನೆತನ, ಊರಿನ ಲೆಕ್ಕ ಬರೆಯುತ್ತಿದ್ದವರ ಹೆಸರು. ಇಂಗ್ಲಿಷಿನವರು ಅದನ್ನು ಕಂಡಂತೆ ಓದಿದರೆ ಹೆಗಲಿಗೆ ಹಾಕುವ ಬ್ಯಾಗ್ ಆಗುತ್ತದೆ.

ಧ್ವನಿ ಮುದ್ರಿಸುವಾಗ ಹಲವರು ಮಾಡುವ ತಪ್ಪೊಂದಿದೆ. ಮೈಕು ಕಂಡೊಡನೆ ತಮ್ಮ ಹೆಸರನ್ನು ತಾವೇ ಅಮೆರಿಕದ ಧಾಟಿಯಲ್ಲಿ ಹೇಳುತ್ತಾರೆ, ‘ಐಯಾಮ್ ಕವೀಟಾ’ ಎಂದು. ಕೇಳುವವರು ಅದನ್ನೇ ಮೂಲವೆಂದು ನಂಬುತ್ತಾರೆ. ಮೊದಲು ಮನೆಯಲ್ಲಿ ಹೇಳುವಂತೆ ಒಮ್ಮೆ, ಆಮೇಲೆ ಅಕ್ಷರ ಬಿಡಿಸಿ ಒಮ್ಮೆ, ಮತ್ತೆ ಸಹಜವಾಗಿ ಒಮ್ಮೆ ಹೇಳಿದರೆ ಹತ್ತು ಸೆಕೆಂಡಿಗೆ ಸರಿಹೊಂದುತ್ತದೆ.

ಮುಖಾಮುಖಿ ತಿದ್ದುವಾಗ ಒಂದು ಸಲಕ್ಕೆ ಒಂದೇ ಅಕ್ಷರ ತಿದ್ದುವುದು ಲೇಸು. ಮಂಜುನಾಥ ಮೊದಲು ‘ಮಂಡೇ ಥರ ಮಂಜು’ ಎಂದಷ್ಟೇ ಹೇಳಿದರು. ಕೊನೆಯ ಗಾಳಿಯ ವಿಷಯ ಎತ್ತಿದ್ದು ಎಷ್ಟೋ ದಿನಗಳ ಮೇಲೆ. ತಿದ್ದಿದ ಮೇಲೆ ಎದುರಿನವರಿಂದ ಒಮ್ಮೆ ಹೇಳಿಸಿ, ಹತ್ತಿರ ಬಂದರೆ ‘ಅದೇ ಸರಿ’ ಎಂದು ಒಪ್ಪಿಕೊಂಡರು. ನಾಲ್ಕಕ್ಷರ ಉದ್ದವೆನ್ನುವವರಿಗೆ ‘ಮಂಜು ಸಾಕು’ ಎಂದರು, ಆದರೆ ‘ಮ್ಯಾನಿ’ಗೂ ‘ಮ್ಯಾಟ್’ಗೂ ಓಗೊಡಲಿಲ್ಲ. ಸಭೆಯಲ್ಲಿ ಯಾರಾದರೂ ಎಡವಿದಾಗ ಎಲ್ಲರ ಮುಂದೆ ತಿದ್ದುವ ಕೆಲಸವನ್ನು ಅವರು ಮೈಮೇಲೆ ಹಾಕಿಕೊಳ್ಳಲಿಲ್ಲ. ಸರಿಯಾಗಿ ಕಲಿತಿದ್ದ ತಂಡದ ಮುಖ್ಯಸ್ಥೆ ಹೆಸರನ್ನು ತನ್ನ ಮಾತಿನಲ್ಲಿ ಇನ್ನೊಮ್ಮೆ ಬಳಸಿದರೆ ಸಾಕಾಗುತ್ತಿತ್ತು.

ಆ ಮುಖ್ಯಸ್ಥೆ ಅಷ್ಟು ಬೇಗ ಕಲಿತದ್ದಕ್ಕೆ ಕಾರಣವಿದೆ. ಆಕೆ ಐರಿಷ್, ಹೆಸರು `Siobhán`. ಕೆಲಸಕ್ಕೆ ಸೇರುವ ಮೊದಲು ಮಂಜುನಾಥ ಆ ಹೆಸರನ್ನು ಕಾಗದದಲ್ಲಿ ನೋಡಿ ‘ಸಿಯೋಭಾನ್’ ಎಂದು ಓದಿಕೊಂಡಿದ್ದರು, ವಿಡಿಯೋ ಸಂದರ್ಶನದಲ್ಲಿ ಹಾಗೆಯೇ ಕರೆದಿದ್ದರು ಕೂಡ. ಐರಿಷ್ ಬರವಣಿಗೆಯಲ್ಲಿ `bh` ಎಂದರೆ ‘ವ’, `si` ಎಂದರೆ ‘ಶಿ’. ಅದೇ ತಂಡದಲ್ಲಿ `Niamh` ಎಂಬ ಇನ್ನೊಬ್ಬಾಕೆ ಇದ್ದಾಳೆ, ಅವಳ ಹೆಸರು ಬಾಯಲ್ಲಿ ‘ನೀವ್’ ಆಗುತ್ತದೆ. ಕನ್ನಡಿಗರಿಗೆ ಬಹುವಚನ ಕೊಟ್ಟು ಕರೆದಂತೆ ಕೇಳಿಸುತ್ತದೆ. ಇನ್ನು `Siobhán` ಎಂಬುದರ ಸರಿಯಾದ ಉಚ್ಚಾರ ‘ಶಿವಾನ್’. ಶಿವಣ್ಣನವರ ಮಗನಿಗೆ ಅದನ್ನು ಎರಡು ಸಲ ಹೇಳಿಕೊಡಬೇಕಾಗಲಿಲ್ಲ.